ಅರ್ಜಿಯ ಇನ್ನೊಂದು ಪ್ರತಿ

ನನ್ನ ತಮ್ಮ ಹಾಸಿಗೆ ಹಿಡಿದ ವರ್ಷ ಅವನ ಮಗಳಿಗೆ ನಾನೇ ಪೋಷಕಿ. ಫೀ ಮೂರು ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ ಎಂದು ಹುಕ್ಕೇರಿಯ ಅವಳ ಶಾಲೆಗೆ ಅರ್ಜಿ ಬರೆದೆ. ರಿಯಾಯಿತಿ ಕೇಳಲಿಲ್ಲ, ‘ದಯಮಾಡಿ’ ಎಂದು ಒಂದೇ ಸಲ ಬರೆದೆ. ಆದಾಯ ಪ್ರಮಾಣಪತ್ರ, ಘಟಪ್ರಭಾದ ಆಸ್ಪತ್ರೆಯ ಚೀಟಿ ಲಗತ್ತಿಸಿದೆ. ಚೀಟಿಯಲ್ಲಿ ಕಾಯಿಲೆಯ ಹೆಸರಿದ್ದ ಭಾಗವನ್ನು ಹಿಂದಕ್ಕೆ ಮಡಚಿದ್ದೆ.

ಶಾಲೆಯ ಗುಮಾಸ್ತ ಪ್ರಮಾಣಪತ್ರವನ್ನು ಬೆಳಕಿಗೆ ಹಿಡಿದು ನೋಡಿದ. “ಕಾರಿನ್ಯಾಗ ಬರಾವ್ರೂ ಇಂಥಾದ್ದ ತರ್ತಾರ್ರಿ ಅಕ್ಕಾರ,” ಎಂದ. ಅವನ ಮಾತು ಸುಳ್ಳಲ್ಲ; ನಮ್ಮ ಓಣಿಯಲ್ಲಿ ಟ್ರ್ಯಾಕ್ಟರ್ ಇದ್ದವರ ಹತ್ತಿರವೂ ಕಡಿಮೆ ಆದಾಯದ ಪತ್ರವಿದೆ. ಅಂಥವರ ಮೇಲಿನ ಸಿಟ್ಟನ್ನು ನನ್ನ ಮೇಲೇಕೆ ತೀರಿಸಿಕೊಳ್ಳಬೇಕು? ಅವನು ಚೀಟಿಯ ಮಡಿಕೆಯನ್ನೂ ಬಿಡಿಸಿ, ಕಾಯಿಲೆಯ ಹೆಸರನ್ನು ಗಟ್ಟಿಯಾಗಿ ಓದಿದ. ಬೆಂಚಿನ ಮೇಲೆ ಕಾಯುತ್ತಿದ್ದ ಪಾಲಕರೆಲ್ಲ ನನ್ನತ್ತ ತಿರುಗಿದರು.

“ಆತ್ರಿ, ಹೆಡ್ ಮಾಸ್ತರ್‌ಗೆ ಕೊಡ್ತೇನಿ. ನೀವು ಹೋಗ್ರಿ.”

ನಾನು ಹೋಗಲಿಲ್ಲ. ಚೀಲದಿಂದ ಅರ್ಜಿಯ ಝೆರಾಕ್ಸ್ ತೆಗೆದು ಅವನ ಮುಂದಿಟ್ಟೆ. “ಅರ್ಜಿ ಮುಟ್ಟೇತಿ ಅಂತ ಇದರ ಮ್ಯಾಲ ಸಿಕ್ಕಾ ಹೊಡದು ಸಹಿ ಮಾಡ್ರಿ.”

ಅವನ ಮುಖ ಗಂಟಾಯಿತು. “ನಮ್ಮ ಮ್ಯಾಲ ನಂಬಿಕಿ ಇಲ್ಲೇನ್ರಿ?”

“ನಿಮಗ ನನ್ನ ಮ್ಯಾಲ ಎಷ್ಟ ಐತೋ, ಅಷ್ಟ ಐತ್ರಿ,” ಎಂದೆ.

ಝೆರಾಕ್ಸ್ ಮೇಲೆ ಮೊಹರು ಬಿದ್ದ ಸದ್ದಿಗೆ ಬೆಂಚಿನವರು ಈ ಸಲ ಅವನತ್ತ ತಿರುಗಿದರು.