ನಾಡಿದ್ದು ಹೋಗ್ತಾಳೆ

ಮಗಳನ್ನು ವಾಲಿಬಾಲ್ ಹಾಸ್ಟೆಲಿನಿಂದ ಕೈಬಿಟ್ಟ ದಿನ ಕೋಚ್ ನನ್ನನ್ನು ಕೂರಿಸಿಕೊಂಡು ಹೇಳಿದ್ದಕ್ಕೆಲ್ಲ ಹೂಂ ಹೂಂ ಅಂದೆ. ಊರಿಗೆ ಬಂದು ಎಲ್ಲ ಉಲ್ಟಾ ಮಾಡಿದೆ.

ಅವಳನ್ನು ಆರಿಸಿದ್ದು ಶಿವಮೊಗ್ಗದ ಸ್ಟೇಡಿಯಂನಲ್ಲಿ. ಎತ್ತರ ಅಳೆದರು, ನಿಂತಲ್ಲಿಂದ ಹಾರಿಸಿ ಗೋಡೆ ಮುಟ್ಟಿಸಿದರು, ಓಡಿಸಿದರು. ವಯಸ್ಸಿಗೆ ಉದ್ದ ಇದ್ದಳು, ಇನ್ನೂ ಬೆಳೆಯುತ್ತಾಳೆಂಬ ನಂಬಿಕೆಯಲ್ಲಿ ಎಂಟನೇ ಕ್ಲಾಸಿಗೆ ತೆಗೆದುಕೊಂಡರು. ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಇರುತ್ತದೆ, ಮಟ್ಟಕ್ಕೆ ಬಾರದವರನ್ನು ಮನೆಗೆ ಕಳಿಸುತ್ತೇವೆ ಎಂದು ಅಂದೇ ಹೇಳಿದ್ದರು. ನನ್ನ ಕಿವಿಗೆ ಅದೆಲ್ಲಿ ಬಿತ್ತು! ನಮ್ಮೂರು ತಾಳಗುಂದದಲ್ಲಿ ಮನೆಮನೆಗೂ ಸಕ್ಕರೆ ಹಂಚಿ ಬಂದೆ. ಎರಡು ವರ್ಷ ಬೆಳಿಗ್ಗೆ ಓಟ, ಆಮೇಲೆ ಸ್ಕೂಲು, ಸಂಜೆ ಅಭ್ಯಾಸ. ಆಟ ಚೆನ್ನಾಗಿಯೇ ಕಲಿತಳು. ಎತ್ತರ ಮಾತ್ರ ನಿಂತುಬಿಟ್ಟಿತು.

“ಅವಳ ತಪ್ಪಲ್ಲಮ್ಮ” ಅಂದಿದ್ದರು ಕೋಚ್. “ನಮಗೆ ನೆಟ್ ಮುಂದೆ ಹಾರಿ ಹೊಡೆಯೋ ಉದ್ದದ ಹುಡುಗೀರು ಬೇಕು. ಹಿಂದೆ ನಿಂತು ಬಾಲ್ ಎತ್ತೋದ್ರಲ್ಲಿ ಇವಳು ಗಟ್ಟಿಗಿತ್ತಿ, ಆದ್ರೆ ಆ ಜಾಗಕ್ಕೆ ಆಗಲೇ ಒಬ್ಬಳಿದಾಳೆ. ಊರಲ್ಲಿ ಮುಚ್ಚಿಡಬೇಡಿ. ಬೇಗ ಸ್ಕೂಲಿಗೆ ಸೇರಿಸಿ. ಆಡ್ತೀನಿ ಅಂದ್ರೆ ಬಿಡಿ, ಬೇಡ ಅಂದ್ರೆ ಒತ್ತಾಯ ಮಾಡಬೇಡಿ.”

ಮಾರನೇ ದಿನವೇ ಹಾಲಿನ ಡೇರಿಯಲ್ಲಿ ಪಕ್ಕದ ಮನೆಯಾಕೆ, “ಮಗಳು ಬಂದಾಳಲ್ರೀ?” ಅಂದಳು. “ರಜಾ ರೀ, ನಾಡಿದ್ದು ಹೋಗ್ತಾಳೆ” ಅಂದುಬಿಟ್ಟೆ. ಸಕ್ಕರೆ ಹಂಚಿದ ಬಾಯಿ, ಬೇರೆ ಏನು ಹೇಳೀತು? ಆಮೇಲೆ ಅಂಗಡಿಯಲ್ಲೂ ಅದೇ, ಬಸ್‌ಸ್ಟಾಂಡಿನಲ್ಲೂ ಅದೇ. ಮಗಳು ಪಕ್ಕದಲ್ಲೇ ಇರುತ್ತಿದ್ದಳು. ಜೂನ್ ಬಂತು, ಮಳೆ ಹಿಡಿಯಿತು, ಜೋಳ ಬಿತ್ತಿಯಾಯಿತು. ಶಿಕಾರಿಪುರದ ಹೈಸ್ಕೂಲಿಗೆ ಸೇರಿಸಿದರೆ ಊರಿಗೆಲ್ಲ ಗೊತ್ತಾಗುತ್ತದಲ್ಲ ಎಂದು ದಿನ ತಳ್ಳುತ್ತಲೇ ಹೋದೆ. ಹತ್ತನೇ ಕ್ಲಾಸಿನ ಹುಡುಗಿ ಮನೆಯೊಳಗೆ ಗೋಡೆ ನೋಡಿಕೊಂಡು ಕೂತಿದ್ದಳು. ಥೂ, ನನ್ನ ಮರ್ಯಾದೆಗೆ ಬೆಂಕಿ ಹಾಕ!

ಹೊಸಬಾಳೆಯಿಂದ ನನ್ನ ನಾದಿನಿ ಬಂದಳು. “ಎಂತದೇ ಪುಟ್ಟಿ, ಇನ್ನೂ ಇಲ್ಲೇ ಇದೀಯಾ?” ಅಂದಳು. ನಾನು ‘ನಾಡಿದ್ದು’ ಅನ್ನುವಷ್ಟರಲ್ಲಿ ಮಗಳೇ ಬಾಯಿ ಹಾಕಿದಳು.

“ನನ್ನ ತೆಗೆದ್ರು ಅತ್ತೆ. ಎತ್ತರ ಸಾಲಲಿಲ್ಲ.”

“ಅಷ್ಟೇಯನೇ? ನಾನೆಂತದೋ ಅಂದ್ಕಂಡೆ. ಮತ್ತೆ ಶಾಲೆ?”

ನಾನು ಮಾತು ಮರೆಸಿ ನೀರಿನ ಚೊಂಬು ಅವಳ ಕೈಗಿಟ್ಟೆ. ನಾದಿನಿ ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದಳು. ಅತ್ತೆಯೆದುರು ಮಾನ ಕಳೆದೆಯಲ್ಲೇ ಎಂದು ನಾನು ಸಿಡುಕಿದೆ. ಮಗಳು ಅಳಲಿಲ್ಲ, ರೇಗಲೂ ಇಲ್ಲ.

“ಅಮ್ಮಾ, ಹಾಸ್ಟೆಲ್‌ನೋರು ನನ್ನ ಒಂದೇ ಸಲ ಕಳಿಸಿದ್ರು” ಅಂದಳು. “ನೀನು ದಿನಾ ಕಳಿಸ್ತಿದೀಯ.”