ಸಾರಾಂಶದೊಳಗಿನ ರೊಟ್ಟಿ

ದೀರ್ಘ ಪ್ರಬಂಧದಲ್ಲಿ ಅನುಮಾನಗಳಿಗೆ ಅಡಗಿ ಕೂರಲು ಸಾಕಷ್ಟು ಜಾಗವಿರುತ್ತದೆ. ಇನ್ನೂರು ಪದಗಳ ಸಾರಾಂಶದಲ್ಲಿ ಇರುವುದಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಮುಂದಿನದನ್ನೆಲ್ಲ ರೋಣದ ಗ್ರಂಥಾಲಯದಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಓದಿಕೊಂಡ ನನಗೆ ಇದು ತಿಳಿದದ್ದು ತೀರ ಇತ್ತೀಚೆಗೆ.

ನನ್ನ ತಂಗಿಯ ಮೊಮ್ಮಗಳು ಗಜೇಂದ್ರಗಡದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಪ್ರತಿ ಬೇಸಿಗೆಗೆ ಕೆಲಸ ಕಳೆದುಕೊಳ್ಳುವವಳು ಎಂದು ತಿಳಿಯಬೇಕು. ಪಿಎಚ್.ಡಿ. ಮುಗಿದರೆ ಆ ಆತಿಥ್ಯದಿಂದ ಪಾರಾಗುವ ಆಸೆ. ಮಹಾಪ್ರಬಂಧ ಸಲ್ಲಿಸುವ ಮೊದಲು ಒಂದು ವಿಚಾರ ಸಂಕಿರಣದಲ್ಲಿ ಲೇಖನ ಓದಿರಲೇಬೇಕು. ಧಾರವಾಡದ ಸಂಕಿರಣಕ್ಕೆ ಸಾರಾಂಶ ಕಳಿಸಲು ಸೋಮವಾರ ಕಡೆಯ ದಿನ. ಅದು ತಿರಸ್ಕೃತವಾದರೆ ಇನ್ನೊಂದು ವರ್ಷ ಕಾಯಬೇಕು. ಅದಕ್ಕೇ ಶನಿವಾರ ಕಾಲೇಜು ಮುಗಿಸಿ, ಬರೆದದ್ದನ್ನು ತೋರಿಸಲು ಗಜೇಂದ್ರಗಡದಲ್ಲೇ ಇರುವ ನನ್ನ ಮನೆಗೆ ಬಂದಳು.

ಗೋವಾ, ಮಂಗಳೂರುಗಳ ಕಟ್ಟಡ ಕೆಲಸಕ್ಕೆ ಹೋದವರು ಊರಿಗೆ ಕಳಿಸುವ ಹಣವೇ ಅವಳ ವಿಷಯ. ಅಂಥ ಹಣ ಬರುವ ಮನೆ, ಬಾರದ ಮನೆ ಎರಡನ್ನೂ ಕಂಡು, ತಿಂಗಳಿಗೆ ಏನು ಉಂಡಿರಿ, ಏನು ಕೊಂಡಿರಿ ಎಂದು ಕೇಳಿಬಂದಿದ್ದಳು. ಸಾರಾಂಶದ ಮುಖ್ಯ ವಾಕ್ಯವನ್ನು ಅವಳ ಮಾರ್ಗದರ್ಶಕರು ಮೊದಲೇ ಹೇಳಿ ಬರೆಸಿದ್ದರು: 'ವಲಸಿಗರು ಕಳಿಸುವ ಹಣವು ಉತ್ತರ ಕರ್ನಾಟಕದ ಗ್ರಾಮೀಣ ಕುಟುಂಬಗಳ ಅನುಭೋಗವನ್ನು ಗಣನೀಯವಾಗಿ ಹೆಚ್ಚಿಸುತ್ತದೆ.' ಎಲ್ಲರಿಗೂ ಒಮ್ಮೆಲೇ ಒಪ್ಪಿಗೆಯಾಗುವ ವಾಕ್ಯ ಕಂಡರೆ ನನಗೆ ಮೊದಲಿನಿಂದಲೂ ಅಪನಂಬಿಕೆ.

"ಉತ್ತರ ಕರ್ನಾಟಕದಾಗ ಎಲ್ಲೆಲ್ಲಿ ಹೋಗಿದ್ದೆವ್ವಾ?" ಎಂದು ಕೇಳಿದೆ.

"ಜಕ್ಕಲಿ, ಮುಶಿಗೇರಿ, ಲಕ್ಕಲಕಟ್ಟಿ."

"ನರಗುಂದದ ಕಾಲವಿ ನೀರಿನ ಊರು?"

"ಇಲ್ಲ."

"ಅವ್ರನ್ನ ಕೇಳದ ಯಾಕ ಸೇರಿಸಿದಿ? ನಾಳೆ ಬಂದು ಜಗಳಾ ತಗದ್ರ?"

ಉತ್ತರ ಕರ್ನಾಟಕ ಹೋಗಿ ಮೂರು ಒಣಬೇಸಾಯದ ಹಳ್ಳಿಗಳಾದವು. ಅನಂತರ ನಾನು 'ಹೆಚ್ಚಿಸುತ್ತದೆ' ಎಂಬ ಪದದ ಮೇಲೆ ಬೆರಳಿಟ್ಟೆ. ಆ ಬೆರಳಿಗಾಗಿಯೇ ಕಾದಿದ್ದವಳಂತೆ ಅವಳೆಂದಳು: "ಗೊತ್ತೈತಿ ಅಜ್ಜಾ. ಗೋವಾಕ್ಕ ಹೋಗಬೇಕಂದ್ರ ದಾರಿ ಖರ್ಚಿಗೆ ರೊಕ್ಕ ಬೇಕು, ಅಲ್ಲಿ ಪರಿಚಯದವ್ರು ಬೇಕು. ಅಂಥಾ ಮನಿ ಮದಲ ಒಂದೀಟು ಚಲೋ ಇದ್ದಿರಬಹುದು. ಹಣದಿಂದಲೇ ಖರ್ಚು ಹೆಚ್ಚಾತು ಅನ್ನಾಕ ಬರೂದಿಲ್ಲ. ಎರಡೂ ಕೂಡಿ ಕಾಣತಾವು, ಅಷ್ಟ."

ನಾನು ಉತ್ಸಾಹಗೊಂಡು ನನ್ನದೇ ವಾಕ್ಯವೊಂದನ್ನು ಮುಂದಿಟ್ಟೆ: ಕೂಲಿಯ ಹಣದಿಂದ ಹಳ್ಳಿಯ ಬಾಳು ಕಿಂಚಿತ್ತೂ ಬದಲಾಗಿಲ್ಲ.

"ಇದಕ್ಕೇನು ಪುರಾವೆ?"

"ನನಗ ಹಂಗ ಅನಸ್ತೈತಿ."

"ನಮ್ಮ ಸರ್‌ಗೂ ಅನಸ್ತೈತಿ. ಇಬ್ರೂ ಕೂಡಿ ಒಂದು ಸಂಘಾ ಮಾಡ್ರಿ."

ಸಂಜೆ ತನ್ನೂರಿಗೆ ಹೊರಟ ಅವಳನ್ನು ರೋಣದ ಬಸ್ಸು ಹತ್ತಿಸಲು ನಿಲ್ದಾಣಕ್ಕೆ ಹೋದೆ. ಪಕ್ಕದಲ್ಲಿ ಗೋವಾದ ಬಸ್ಸು ನಿಂತಿತ್ತು. ಹೋಗುವ ಜನಕ್ಕಿಂತ ಹೋಗುವ ಗಂಟುಗಳೇ ಹೆಚ್ಚು. ಬಿಳಿಯ ಬಟ್ಟೆಯ ಗಂಟೊಂದನ್ನು ಪರಿಚಯದ ಪ್ರಯಾಣಿಕನ ಕೈಗೆ ಕೊಡುತ್ತಿದ್ದ ನಡುವಯಸ್ಸಿನ ಹೆಣ್ಣುಮಗಳು ನನ್ನ ಮೊಮ್ಮಗಳನ್ನು ಗುರುತಿಸಿದಳು. ಅವಳು ಲಕ್ಕಲಕಟ್ಟಿಯವಳು, ಸಮೀಕ್ಷೆಯಲ್ಲಿ ಉತ್ತರ ಕೊಟ್ಟವರಲ್ಲಿ ಒಬ್ಬಳು.

"ಏನ್ರಿ ಮೇಡಮ್ಮಾರ, ಇಲ್ಲೂ ಕೇಳಾಕ ಬಂದ್ರೇನು?"

"ಇಲ್ಲಕ್ಕಾ. ಇದೇನು ಗಂಟು?"

"ರೊಟ್ಟಿರಿ. ಶೇಂಗಾ ಚಟ್ನಿ. ಮಗಗ, ಸೊಸಿಗಿ."

ಮೊಮ್ಮಗಳು ಗಂಟನ್ನು ಮುಟ್ಟಿ ನೋಡಿ ಕೇಳಿದಳು: "ಅವತ್ತ ತಿಂಗಳಾ ಮನ್ಯಾಗ ಎಷ್ಟು ಜ್ವಾಳ ಖರ್ಚಾತು ಅಂತ ಕೇಳಿದ್ನೆಲ್ಲ, ಇದನ್ನೂ ಹಿಡದ ಹೇಳಿದ್ರೇನು?"

"ಮತ್ತ? ಚೀಲ ನಮ್ಮದು, ಒಲಿ ನಮ್ಮದು, ಉಣ್ಣಾವ ನಮ್ಮ ಮಗ. ಇದೇನು ಮಂದಿ ಮನಿ ಖರ್ಚೇನ್ರಿ?"

ರೋಣದ ಬಸ್ಸು ಬಂತು, ಮೊಮ್ಮಗಳು ಹತ್ತಲಿಲ್ಲ. ನನ್ನ ಜೊತೆ ಮನೆಗೆ ಮರಳುವ ದಾರಿಯಲ್ಲಿ ವಿವರಿಸಿದಳು. ಸಮೀಕ್ಷೆಯ ನಿಯಮದ ಪ್ರಕಾರ ವರ್ಷದ ಹೆಚ್ಚು ಕಾಲ ಹೊರಗಿರುವವರು ಕುಟುಂಬದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಗೋವಾದ ಮಗ ಲೆಕ್ಕದಿಂದ ಹೊರಗೆ. ಅವನು ತಿಂದ ರೊಟ್ಟಿ ಲೆಕ್ಕದ ಒಳಗೆ. ಒಟ್ಟು ಜೋಳವನ್ನು ಮನೆಯಲ್ಲಿ ಉಳಿದವರಿಗೆ ಮಾತ್ರ ಹಂಚಿದ್ದರಿಂದ ಲಕ್ಕಲಕಟ್ಟಿಯ ಮುದುಕಿಯರು ಕಾಗದದ ಮೇಲೆ ಪೈಲ್ವಾನರಂತೆ ಉಂಡಿದ್ದರು. ಇದನ್ನೇ ಮಾರ್ಗದರ್ಶಕರು 'ಪೌಷ್ಟಿಕತೆಯಲ್ಲಿ ಸುಧಾರಣೆ' ಎಂದು ಕರೆದಿದ್ದರು.

"ಮತ್ತೊಮ್ಮೆ ಹೋಗಿ ಕೇಳೂಣು," ಎಂದೆ.

"ಆ ತಿಂಗಳ ಹೋಗಿ ಎಷ್ಟೋ ದಿನಾ ಆತು. ಎಷ್ಟು ರೊಟ್ಟಿ ಕಳಿಸಿದ್ವಿ ಅಂತ ಯಾರು ನೆನಪಿಟ್ಟಿರ್ತಾರ? ಅಂದಾಜಲೇ ಬರದ್ರ ಅದೂ ಸುಳ್ಳ."

ಭಾನುವಾರ ಇಡೀ ದಿನ ನಮ್ಮ ಪಡಸಾಲೆಯಲ್ಲಿ ಕೂತು ಸಾರಾಂಶವನ್ನು ಮತ್ತೆ ಕಟ್ಟಿದಳು. ಪ್ರಶ್ನೆಗೆ ಒಂದು ವಾಕ್ಯ. ಊರು ಮತ್ತು ಮನೆಗಳಿಗೆ ಒಂದು. ಹೋಲಿಕೆಯ ಕ್ರಮಕ್ಕೆ ಒಂದು. ಹಣ ಬರುವ ಮನೆಗಳಲ್ಲಿ ಔಷಧ, ಶಾಲೆ, ಎಣ್ಣೆಗಳ ಖರ್ಚು ಹೆಚ್ಚು ಕಂಡಿದೆ, ಆದರೆ ಹಣವೇ ಕಾರಣವೆನ್ನಲು ಈ ಹೋಲಿಕೆ ಸಾಲದು. ಧಾನ್ಯದ ಬಗ್ಗೆ ಹೇಳಲಾಗದು, ಏಕೆಂದರೆ ಮನೆಯ ಖರ್ಚೆಂದು ಬರೆದುಕೊಂಡ ಜೋಳದ ಒಂದು ಪಾಲು ರೊಟ್ಟಿಯಾಗಿ ನಗರಕ್ಕೆ ಹೋಗಿದೆ. ನಗರದ ಕೂಲಿಕಾರನ ಊಟದ ಒಂದಂಶವನ್ನು ಹಳ್ಳಿಯ ಅಡುಗೆಮನೆ ಭರಿಸುತ್ತಿರುವುದನ್ನು ಇದು ಸೂಚಿಸುತ್ತದೆ. ನಾನು ಒದಗಿಸಿದ ಚಾರಿತ್ರಿಕ ಹಿನ್ನೆಲೆಯ ಎರಡು ಪುಟಗಳಲ್ಲಿ ಆ 'ಸೂಚಿಸುತ್ತದೆ' ಮಾತ್ರ ಉಳಿಯಿತು.

ಮಾರ್ಗದರ್ಶಕರು ಫೋನಿನಲ್ಲಿ ಅವಳಿಗೆ ಪಿತೃವಾತ್ಸಲ್ಯದಿಂದಲೇ ಹೇಳಿದರು: "ರೊಟ್ಟಿ ತಗದಬಿಡವಾ. ನಮ್ಮ ಕೊರತಿ ನಾವ ಯಾಕ ಸಾರಾಂಶದಾಗ ಸಾರಬೇಕು? ತಿರಸ್ಕಾರ ಆದ್ರ ವರ್ಷ ಹೋತು."

"ತಗದ್ರ ಉಳಿಯೂದು ಖರೇ ಅಲ್ರಿ ಸರ್."

"ಹಂಗಾರ ನಿನ್ನ ಹೊಣಿ."

ಅವಳು ಕಳಿಸಿದಳು. ಮೂರನೆಯ ವಾರ ಉತ್ತರ ಬಂತು, ಸಾರಾಂಶ ಸ್ವೀಕೃತವಾಗಿತ್ತು. ಆದರೆ ಅವಳನ್ನು ಹಾಕಿದ್ದು ಅರ್ಥಶಾಸ್ತ್ರದ ಗೋಷ್ಠಿಗಲ್ಲ, ಆಹಾರ ಸಂಸ್ಕೃತಿಯ ಗೋಷ್ಠಿಗೆ, ಹೋಳಿಗೆಯ ವೈವಿಧ್ಯ ಮತ್ತು ಸಿರಿಧಾನ್ಯದ ಪಾಯಸಗಳ ನಡುವೆ. ಆಯ್ಕೆ ಮಾಡಿದ ವಿದ್ವಾಂಸರ ಕಣ್ಣಿಗೆ ಇನ್ನೂರು ಪದಗಳಲ್ಲಿ ರೊಟ್ಟಿಯೊಂದೇ ಬಿದ್ದಿರಬೇಕು. ನಾನು ಪ್ರತಿಭಟನಾ ಪತ್ರಕ್ಕೆ ಕೂತೆ.

"ಪ್ರಮಾಣಪತ್ರದಾಗ ಗೋಷ್ಠಿ ಹೆಸರ ಬರೂದಿಲ್ಲ ಅಜ್ಜಾ. ಪೆನ್ನು ಮುಚ್ಚರಿ."

ಧಾರವಾಡಕ್ಕೆ ಬರಬೇಡಿರೆಂದಳು, ಆದರೂ ಹೋದೆ. ಅವಳು ಓದಿ ಮುಗಿಸಿದಾಗ ಸಭೆ ಊಟಕ್ಕಾಗಿ ಗಡಿಯಾರ ನೋಡುತ್ತಿತ್ತು. ಕೊನೆಗೆ ಹೋಳಿಗೆಯ ಬಗ್ಗೆ ಓದಿದ್ದ ಹಿರಿಯ ಮಹಿಳೆಯೊಬ್ಬರು ಎದ್ದು ಕೇಳಿದರು: "ಆ ರೊಟ್ಟಿ ಎಷ್ಟು ದಿನಾ ಕೆಡದ ಇರ್ತಾವ್ರಿ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾನು ತಲೆ ತಗ್ಗಿಸಿದೆ.

"ಕಡಕ್ ಮಾಡಿದ್ರ ತಿಂಗಳ ತನಕಾ ಇರ್ತಾವ್ರಿ," ಎಂದು ಅವಳು ಗಂಭೀರವಾಗಿಯೇ ಹೇಳತೊಡಗಿದಳು. "ಅದಕ್ಕ ಅಲ್ಲಿ ದಿನಾ ಹೋಟೆಲಿನ ಊಟ ಕೊಳ್ಳೂದು ತಪ್ಪತೈತಿ. ಕೂಲಿಯೊಳಗ ಅಷ್ಟು ಉಳಿಸಿ ಮನಿಗಿ..." ಮಾತು ಅಲ್ಲಿಗೇ ನಿಂತಿತು.

"ಅಂದ್ರ ಮನಿಗಿ ಬರೂ ರೊಕ್ಕನ ಈ ರೊಟ್ಟಿಯಿಂದ ಉಳಿದದ್ದೇನ್ರಿ?" ಎಂದರು ಆ ಮಹಿಳೆ.

"ಇರಬಹುದ್ರಿ. ನಾ ಅದನ್ನ ಕೇಳಿಲ್ಲ," ಎಂದಳು. ವೇದಿಕೆಯ ಮೇಲೆ ನಿಂತೇ ತನ್ನ ಕಾಗದದ ಅಂಚಿನಲ್ಲಿ ಏನನ್ನೋ ಬರೆದುಕೊಂಡಳು.

ಪ್ರಮಾಣಪತ್ರ ಸಿಕ್ಕಿತು, ಮಹಾಪ್ರಬಂಧ ಸಲ್ಲಿಸಲು ಇನ್ನಾವ ಅಡ್ಡಿಯೂ ಉಳಿದಿರಲಿಲ್ಲ. ಮರುವಾರ ಅವಳು ಸಲ್ಲಿಕೆಯನ್ನು ತಾನಾಗಿಯೇ ಮುಂದೂಡಿ, ಈಗ ಕಳಿಸುತ್ತಿರುವ ರೊಟ್ಟಿ ಎಷ್ಟು, ಅದರಿಂದ ಉಳಿದು ಬರುವ ರೊಕ್ಕ ಎಷ್ಟು ಎಂಬ ಹೊಸ ಪ್ರಶ್ನೆಗಳನ್ನು ಹಿಡಿದು ಮೂರು ಹಳ್ಳಿಗಳಿಗೂ ಹೊರಟಳು. ನನ್ನ ಸಹವಾಸದಿಂದ ಹುಡುಗಿ ಕೆಟ್ಟಳೆಂದು ಮಾರ್ಗದರ್ಶಕರು ಹೇಳಿದರಂತೆ. ಸಾಮಾನ್ಯವಾಗಿ ಅವರ ಮಾತನ್ನು ನಾನು ಅನುಮಾನಿಸುತ್ತೇನೆ. ಇದನ್ನು ಮಾತ್ರ ಪುರಾವೆ ಕೇಳದೆ ನಂಬಿದೆ.