ಕಾರ್ಯವಿಲ್ಲದ ವರ್ಷದ ನೀರು

ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ನೀರಿನ ಟಾಕಿ ತೊಳೆಯಬೇಕಾದರೆ ಯಾರದಾದರೂ ಮದುವೆ ಗೊತ್ತಾಗಬೇಕಿತ್ತು. ನಗಬೇಡಿ, ಬೈಲಹೊಂಗಲದ ನಮ್ಮ ಕಟ್ಟಡದಲ್ಲಿ ಪದ್ಧತಿಯೇ ಹಾಗೆ. ಯಾರ ಮನೆಯಲ್ಲಿ ಕಾರ್ಯವೋ ಅವರು ಸುಣ್ಣಬಣ್ಣ ಮಾಡಿಸಿದಂತೆ ಟಾಕಿಯನ್ನೂ ತೊಳೆಸಬೇಕು, ಉಳಿದವರು ಪುಕ್ಕಟೆ ಕುಡಿಯಬೇಕು. ಸಂಘದ ಅಧ್ಯಕ್ಷ ಬಸವಲಿಂಗಣ್ಣನ ಮಗನ ಮದುವೆಯಾದ ಮೇಲೆ ಯಾರ ಮನೆಯಲ್ಲೂ ಬಾಜಾ ಮೊಳಗಲಿಲ್ಲ. ಟಾಕಿಯ ಮುಚ್ಚಳವನ್ನೂ ಯಾರೂ ತೆರೆಯಲಿಲ್ಲ.

ನಾನು ಸಂಘದ ಖಜಾಂಚಿ, ಹೆಸರು ಶೀತಲ. ಒಂದು ಮಾತಿಗೆ ಹತ್ತು ಮಾತಾಡುವವಳು ಎಂದು ಎಲ್ಲರೂ ಹೇಳುತ್ತಾರೆ, ಹೇಳಲಿ. ಎದುರು ಮನೆಯ ಯಶೋಧಾ ನನಗೆ ತದ್ವಿರುದ್ಧ. ಕಟಕೋಳದ ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳು, ಬಸ್ ಡ್ರೈವರ್ ಗೌರೀಶನ ಹೆಂಡತಿ. ಅವನ ಪಗಾರ, ಇವಳ ಹೊಲಿಗೆ ಮಷಿನ್, ಎರಡೂ ಸೇರಿ ಆ ಮನೆ ಕೊಂಡದ್ದು. ಅವಳು ಹೊಲಿದ ಕುಬಸ, ಅಂದರೆ ರವಿಕೆ, ಒಮ್ಮೆಯೂ ವಾಪಸ್ ಬಂದದ್ದಿಲ್ಲ. ಅಳತೆ ಸರಿಯಿದೆ ಎಂದು ಮನಸ್ಸಿಗೆ ಬರುವವರೆಗೆ ಅರಿವೆಗೆ ಕತ್ತರಿ ಹಾಕುವುದಿಲ್ಲ. ಗಿರಾಕಿ ಬೊಬ್ಬೆ ಹೊಡೆದರೂ "ತಡೀರಿ ಅವ್ವಾ" ಎಂದು ನಗುತ್ತಾಳೆ. ನನಗಂತೂ ಆ ತಾಳ್ಮೆ ಕಂಡರೆ ಮೈ ಉರಿಯುತ್ತದೆ, ಮೆಚ್ಚದೆಯೂ ಇರಲಾಗುವುದಿಲ್ಲ.

ಅವಳ ಒಬ್ಬಳೇ ಮಗಳು ಉಮಾಶ್ರೀಯನ್ನು ಯರಗಟ್ಟಿಗೆ ಕೊಟ್ಟಿದ್ದಾರೆ. ಹುಡುಗಿಗೆ ದಿನ ನಿಂತವು. ಏಳನೇ ತಿಂಗಳಲ್ಲಿ ಕುಬಸದ ಕಾರ್ಯ, ಅಂದರೆ ಸೀಮಂತ ಮಾಡಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಕರೆತರಬೇಕು. ಯಶೋಧಾ ಆಗಲೇ ಹಳೆಯ ಮೆತ್ತನೆ ಸೀರೆ ಹರಿದು ಕೂಸಿನ ಅರಿವೆ ಹೊಲಿದಿಟ್ಟಿದ್ದಳು. ಅಷ್ಟರಲ್ಲಿ ನಮ್ಮ ಕಟ್ಟಡದಲ್ಲಿ ಒಬ್ಬರ ಹಿಂದೆ ಒಬ್ಬರಿಗೆ ಕಣ್ಣು ಮೈ ಹಳದಿಯಾಗುವ ಕಾಮಣಿ ಬಂತು. ಡಾಕ್ಟರು, "ಇದು ನೀರಿನಿಂದ ಬಂದಿರಬಹುದು, ಬಸುರಿ ಹೆಣ್ಣುಮಕ್ಕಳಿಗೆ ಬಂದರೆ ಜೀವಕ್ಕೇ ಅಪಾಯ" ಎಂದರು. ಯಶೋಧಾಳ ಮುಖ ಬಿಳುಚಿಕೊಂಡಿತು.

ಮರುದಿನ ಸಂಘಕ್ಕೆ ಪತ್ರ ಬರೆದು ನನ್ನ ಕೈಗೆ ಕೊಟ್ಟಳು. "ಕೆಳಗಿನ ಸಂಪು, ಮೇಲಿನ ಟಾಕಿ ಎರಡನ್ನೂ ಆರು ತಿಂಗಳಿಗೊಮ್ಮೆ, ಗೊತ್ತುಪಡಿಸಿದ ತಿಂಗಳಲ್ಲಿ ತೊಳೆಸಬೇಕು. ಮುಂಚಿತವಾಗಿ ಎಲ್ಲರಿಗೂ ತಿಳಿಸಬೇಕು. ತೊಳೆದ ಮೇಲೆ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ವರದಿ ಹೇಗೇ ಬರಲಿ, ನೋಟಿಸ್ ಬೋರ್ಡಿಗೆ ಹಚ್ಚಬೇಕು, ವಾಟ್ಸಾಪ್ ಗುಂಪಿಗೂ ಹಾಕಬೇಕು." ಇಷ್ಟೇ. ಮಗಳ ಹೆಸರಿಲ್ಲ, ಕಾಮಣಿಯ ಹೆದರಿಕೆ ಹಾಕಿಲ್ಲ, ಯಾರನ್ನೂ ಬೈದಿಲ್ಲ. ನಾನು ಬರೆದಿದ್ದರೆ ಬಸವಲಿಂಗಣ್ಣನ ಅಪ್ಪ, ಅಜ್ಜ ಎಲ್ಲರೂ ಅದರಲ್ಲಿ ಬರುತ್ತಿದ್ದರು!

ರವಿವಾರ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿ ಮೀಟಿಂಗ್ ಕೂಡಿತು. ಅರಳೆ ವ್ಯಾಪಾರದ ಬಸವಲಿಂಗಣ್ಣ ಕೆಟ್ಟವನಲ್ಲ, ಆದರೆ ಖರ್ಚಿನ ಮಾತೆತ್ತಿದರೆ ಕಿವಿ ಕೇಳಿಸುವುದಿಲ್ಲ.

"ಯಶೋಧಕ್ಕಾ, ಹೆಂಗೂ ಮಗಳ ಕುಬಸ ಐತಲ್ಲ, ಈ ಸಲ ನೀವ ತೊಳಸ್ರಿ. ಇದಕ್ಯಾಕ ಪತ್ರಗಿತ್ರ?" ಎಂದ.

"ನಾ ತೊಳಸ್ತೇನಿ ಬಸಲಿಂಗಣ್ಣಾರ, ಅದೇನ್ ದೊಡ್ಡದಲ್ಲ. ಆದ್ರ ಯಾರ ಮನ್ಯಾಗೂ ಕಾರ್ಯ ಇಲ್ಲದ ವರ್ಷನೂ ನಾವು ನೀರು ಕುಡೀತೀವಲ್ರಿ?"

ಮೂರನೇ ಮಹಡಿಯ ಯಮನಪ್ಪ, ಸ್ವತಃ ಕಾಮಣಿಯಿಂದ ಎದ್ದವನು, "ಖರೇ ಐತ್ರಿ" ಎಂದ. ಕಡೆಗೆ ಬಸವಲಿಂಗಣ್ಣ ಅರ್ಧ ಒಪ್ಪಿದ. ಮೇಲಿನ ಟಾಕಿ ಈಗ ತೊಳೆಸೋಣ, ಪರೀಕ್ಷೆಯನ್ನೂ ಮಾಡಿಸೋಣ, ಸಂಪು ಮುಂದೆ ನೋಡೋಣ ಎಂದ. ಕೆಲಸದ ಕಾಡಪ್ಪ ನೀರು ಖಾಲಿ ಮಾಡಿ, ತಳದ ಕೆಸರು ತೆಗೆದು, ಗೋಡೆ ತಿಕ್ಕಿ, ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆದ. ಬಕೆಟ್ಟಿನಲ್ಲಿ ಬಂದ ಕೆಸರನ್ನು ಬಗ್ಗಿ ನೋಡಿದೆ. ಇಷ್ಟು ದಿನ ಇದರ ನೀರಿನಲ್ಲೇ ನಾವು ಬಾಯಿ ಮುಕ್ಕಳಿಸಿದ್ದು, ಶಿವಶಿವಾ! ಟಾಕಿ ಮತ್ತೆ ತುಂಬಿ ಕೆಲವು ದಿನ ಕಳೆದ ಮೇಲೆ, ಪ್ರಯೋಗಾಲಯದವರು ಕೊಟ್ಟ ಬಾಟಲಿಯಲ್ಲಿ ನಳದ ನೀರು ಹಿಡಿದು, ಐಸಿನಲ್ಲಿಟ್ಟು ಅವತ್ತೇ ಬೆಳಗಾವಿಗೆ ಮುಟ್ಟಿಸಿದೆವು.

ವರದಿ ಕೆಟ್ಟದ್ದೇ ಬಂತು. ನೀರಿನಲ್ಲಿ ಹೊಲಸಿನ ಕ್ರಿಮಿ ಇದೆ, ಕುಡಿಯಲು ಯೋಗ್ಯವಲ್ಲ ಎಂದಿತ್ತು.

ಬಸವಲಿಂಗಣ್ಣ ನಮ್ಮಿಬ್ಬರನ್ನೇ ಮನೆಗೆ ಕರೆದು ಬಾಗಿಲು ಮುಂದೆ ಮಾಡಿದ. "ಇದನ್ನ ಹಚ್ಚಿದ್ರ ಫ್ಲ್ಯಾಟ್ ಯಾರೂ ಮೂಸಿ ನೋಡಂಗಿಲ್ಲ. ಅದು ಹೋಗ್ಲಿ, ಯಶೋಧಕ್ಕಾ, ನಿಮ್ಮ ಬೀಗರಿಗೆ ಗೊತ್ತಾದ್ರ ಮಗಳನ್ನ ಕಳಸ್ತಾರೇನು? ಟಾಕಿ ತೊಳಸೀವಿ ಅಂತ ಹೇಳಿ ಕರಕೊಂಡ ಬರ್ರಿ. ಆಕಿಗೆ ಕ್ಯಾನಿನ ನೀರು ತರಸೂಣಂತ."

ನನಗೂ ಒಂದು ಗಳಿಗೆ ಹೌದೆನ್ನಿಸಿತು. ಒಬ್ಬಳೇ ಮಗಳು, ಚೊಚ್ಚಲ ಬಾಣಂತನ. ಅದು ತಪ್ಪಿದರೆ ಮತ್ತೆ ಬರುವುದಲ್ಲ.

ಯಶೋಧಾ ವರದಿಯನ್ನು ಓದಿ, ಮತ್ತೊಮ್ಮೆ ಓದಿ, ಮಡಚಿದಳು. "ವರದಿ ಹೆಂಗರ ಬರ್ಲಿ ಹಚ್ಚಬೇಕಂತ ನಾನ ಬರದೇನ್ರಿ. ಮ್ಯಾಲಿನ ಮನಿ ಸೊಸಿಗೂ ನಾಲ್ಕು ತಿಂಗಳಾಗ್ಯಾವ. ಆಕಿಗೆ ಕ್ಯಾನ್ ಯಾರ ತರಸ್ತಾರ?"

ಎದ್ದು ಹೋಗಿ ಬೋರ್ಡಿಗೆ ಹಚ್ಚಿದಳು. ಗುಂಪಿಗೆ ಹಾಕು ಎಂದಳು, ನಾನು ಹಾಕಿದೆ. ಆಮೇಲೆ ತನ್ನ ಫೋನಿನಿಂದ ಅದರ ಚಿತ್ರವನ್ನು ಯರಗಟ್ಟಿಯ ಬೀಗತಿ ಚನ್ನವ್ವನಿಗೂ ಕಳಿಸಿದಳು. "ಹುಚ್ಚಿ ಆಗೀಯೇನು!" ಎಂದು ನಾನು ಕೂಗಿಕೊಂಡೆ.

ಚನ್ನವ್ವ ಸಂಜೆ ಫೋನು ಮಾಡಿದಳು. ಕುಬಸ ಯರಗಟ್ಟಿಯಲ್ಲೇ ಆಗಲಿ, ಸೊಸೆ ಸದ್ಯ ಇಲ್ಲೇ ಇರಲಿ, ಇಷ್ಟೇ ಮಾತು. ಯಶೋಧಾ "ಆತ್ರಿ" ಎಂದು ಫೋನು ಇಟ್ಟು, ಗಿರಾಕಿಯ ಕುಬಸಕ್ಕೆ ಗುಂಡಿ ಹಚ್ಚತೊಡಗಿದಳು. ಏಳನೇ ತಿಂಗಳಲ್ಲಿ ಯರಗಟ್ಟಿಗೆ ಹೋಗಿ, ಮಗಳಿಗೆ ತನ್ನ ಕೈಯಾರೆ ಹೊಲಿದ ಹಸಿರು ಕುಬಸ ತೊಡಿಸಿ, ಉಡಿ ತುಂಬಿ, ಬರಿಗೈಯಲ್ಲಿ ಒಬ್ಬಳೇ ವಾಪಸ್ ಬಂದಳು. ಆ ದಿನ ನಾನು ಅವಳ ಮನೆ ಕಡೆ ನೋಡಲಾರದೆ ಬಾಗಿಲು ಹಾಕಿಕೊಂಡೆ.

ಇತ್ತ ಕೆಟ್ಟ ವರದಿ ಗೋಡೆ ಮೇಲೆ ಕುಳಿತ ಮೇಲೆ ಯಾರಿಗೂ ನಿದ್ದೆ ಬರಲಿಲ್ಲ. ಸಂಪು ಖಾಲಿ ಮಾಡಿಸಿ, ಮುಚ್ಚಳ ತೆರೆದು ಚೆನ್ನಾಗಿ ಗಾಳಿಯಾಡಿಸಿ, ಮೇಲೆ ಇಬ್ಬರನ್ನು ನಿಲ್ಲಿಸಿ ಕಾಡಪ್ಪನನ್ನು ಇಳಿಸಿದೆವು. ಗಟಾರದ ಕಡೆಯ ಗೋಡೆ ಬಿರುಕು ಬಿಟ್ಟಿತ್ತು. ಹೊಲಸು ಅಲ್ಲಿಂದ ಜಿನುಗಿ, ಪಂಪಿನ ಸಂಗಡ ಮೇಲಿನ ಟಾಕಿಗೆ ಹತ್ತುತ್ತಿತ್ತು. ಮೇಲಿನದನ್ನಷ್ಟೇ ತೊಳೆದು ಏನು ಬಂತು, ಮಣ್ಣು! ಗಟಾರ ರಿಪೇರಿ ಮಾಡಿಸಿ, ಸಂಪಿನ ಗೋಡೆಗೆ ಸಿಮೆಂಟಿನ ಹೊಸ ಗಿಲಾಯಿ ಹಾಕಿಸಿ, ಎರಡನ್ನೂ ತೊಳೆದು ಮತ್ತೆ ನೀರು ಕಳಿಸಿದೆವು. ಈ ಸಲ ವರದಿ ಶುದ್ಧ ಬಂತು. ತೊಳೆಸುವ ತಿಂಗಳು ಏಪ್ರಿಲ್, ಅಕ್ಟೋಬರ್ ಎಂದು ಬಸವಲಿಂಗಣ್ಣನೇ ದೊಡ್ಡ ಅಕ್ಷರದಲ್ಲಿ ಬರೆದು ಬೋರ್ಡಿಗೆ ಹಚ್ಚಿದ. ಹಚ್ಚಿ, "ಯಶೋಧಕ್ಕಾ, ನಾ ಅವತ್ತ ಹಂಗ ಅನಬಾರದಿತ್ತ ನೋಡ್ರಿ" ಎಂದ.

ಮುಂದಿನ ಸೋಮವಾರ ಪಾರ್ಕಿಂಗಿನಲ್ಲಿ ಒಂದು ಗಾಡಿ ನಿಂತಿತು. ಮುಂದೆ ಚನ್ನವ್ವ, ಹಿಂದೆ ತುಂಬಿದ ಹೊಟ್ಟೆಯ ಉಮಾಶ್ರೀ. ಯಶೋಧಾ ಕೊರಳಲ್ಲಿ ಅಳತೆಯ ಟೇಪು ಹಾಗೇ ಇಟ್ಟುಕೊಂಡು ಇಳಿದು ಬಂದಳು.

"ಬರ್ರಿ ಬೀಗರ, ಚಲೋ ವರದಿ ಕಳಿಸಿದ್ದೆ, ನೋಡಿದ್ರೇನು?" ಎಂದಳು.

"ಅದನ್ನ ನೋಡಿ ಬಂದಿಲ್ಲವ್ವಾ. ಚಲೋ ವರದಿ ಯಾರರೆ ಕಳಸ್ತಾರ. ಕೆಟ್ಟದ್ದು ಕಳಿಸಿದ್ರಲ್ಲ, ಅದನ್ನ ನೋಡಿ ಬಂದೇನಿ. ನನ್ನ ಸೊಸಿನ ನಿಮ್ಮ ಕೈಯಾಗ ಇಟ್ಟ ಹೋಗ್ತೇನಿ, ನನಗ ಅಂಜಿಕಿಲ್ಲ."

ಇಷ್ಟು ದಿನ ಕಣ್ಣಲ್ಲಿ ಹನಿ ತೋರಿಸದ ಯಶೋಧಾ, ಬೀಗತಿಯ ಹೆಗಲಿಗೆ ಹಣೆ ಹಚ್ಚಿ ಹೋ ಎಂದು ಅತ್ತಳು.